ಫೋನು ಕೇಳುತ್ತದೆ, ಮೆಸೇಜು ಕೇಳುವುದಿಲ್ಲ: ಕಾರಿನ ಬ್ಲೂಟೂತ್ ದೋಷ ಹುಡುಕಿದ ಕತೆ

ಹೋದ ಮಳೆಗಾಲದಲ್ಲಿ ಶಿರಸಿಯ ಭಾವ ಕಾರವಾರಕ್ಕೆ ಬಂದಾಗ ಕೈಕಾಲು ತೊಳೆಯುವ ಮೊದಲೇ ಕಾರಿನ ಕೀ ನನ್ನ ಕೈಗಿಟ್ಟರು. "ಫೋನು ಬಂದ್ರೆ ಕೇಳ್ತು. ಮೆಸೇಜು ಬಂದ್ರೆ ಸುದ್ದಿಯೇ ಇಲ್ಲೆ. ಒಂಚೂರು ನೋಡಾ."

ಅವರ ಮಗಳು ಇಲ್ಲೇ ಕಾರವಾರದಲ್ಲಿ ಓದುತ್ತಾಳೆ. ಹಾಗಾಗಿ ವಾರಕ್ಕೊಮ್ಮೆಯಾದರೂ ದೇವಿಮನೆ ಘಾಟಿ ಇಳಿದು, ಕುಮಟಾ, ಅಂಕೋಲಾ ದಾಟಿ ಬರುತ್ತಾರೆ. ದಾರಿಯುದ್ದಕ್ಕೂ ಮೆಸೇಜು ಬರುತ್ತಲೇ ಇರುತ್ತದೆ. ಮಂಡಿಯಿಂದ ಅಡಿಕೆ ದರ, ಮನೆಯಿಂದ ಅಕ್ಕನ ಪಟ್ಟಿ, ಮಗಳಿಂದ "ಎಲ್ಲಿದ್ದೀರಿ". ಭಾವ ಫೋನನ್ನು ತೊಡೆಯ ಮೇಲಿಟ್ಟುಕೊಂಡು ತಿರುವಿನಲ್ಲಿ ಓದುತ್ತಾರೆ ಎಂದು ಅಕ್ಕ ನನಗೆ ಮೊದಲೇ ದೂರು ಹೇಳಿದ್ದಳು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಐದು ಸೆಕೆಂಡು ತೊಡೆಯ ಕಡೆ ನೋಡಿದರೆ 80 ಮೀಟರ್ ದಾಟಿರುತ್ತದೆ. ಘಾಟಿಯಲ್ಲಿ ಅಷ್ಟರೊಳಗೆ ಒಂದು ತಿರುವು ಬಂದೇ ಬರುತ್ತದೆ.

ಅವರದ್ದು ಕೆಲವು ವರ್ಷ ಹಳೆಯ ಚಿಕ್ಕ ಕಾರು. ಕಂಪನಿಯಿಂದಲೇ ಬಂದ ಸ್ಟೀರಿಯೋ, ಅದರಲ್ಲಿ ಬ್ಲೂಟೂತ್ ಇದೆ, ಸ್ಟೀರಿಂಗ್ ಮೇಲೆ ಮಾತಿನ ಗುಂಡಿ ಇದೆ. ಆಂಡ್ರಾಯ್ಡ್ ಆಟೋ ಇಲ್ಲ. ಫೋನು ಆಂಡ್ರಾಯ್ಡ್. ದೋಷ ಒಂದೇ ಇರಬಹುದು ಅಂದುಕೊಂಡು ಕೂತೆ. ಹಲವು ಸಿಕ್ಕವು, ಒಂದರ ಹಿಂದೆ ಒಂದು ಅಡಗಿಕೊಂಡಿದ್ದವು.

ಓದುವುದು ಯಾರು, ಕಾರೋ ಫೋನೋ?

ಈ ಪ್ರಶ್ನೆ ಕೇಳಿಕೊಳ್ಳದೆ ಸೆಟ್ಟಿಂಗ್ ಒತ್ತುತ್ತಾ ಹೋದರೆ ದಿನ ಕಳೆದರೂ ಸಿಗುವುದಿಲ್ಲ. ಮೆಸೇಜು ದನಿಯಾಗಿ ಕೇಳಿಸಲು ಎರಡು ಬಗೆ ಇದೆ.

ಮೊದಲನೆಯದರಲ್ಲಿ ಕಾರೇ ಓದುತ್ತದೆ. ಫೋನು ಮೆಸೇಜಿನ ಅಕ್ಷರಗಳನ್ನು ಬ್ಲೂಟೂತ್ ಮೂಲಕ ಸ್ಟೀರಿಯೋಗೆ ಕೊಡುತ್ತದೆ, ಸ್ಟೀರಿಯೋ ತನ್ನ ದನಿಯಲ್ಲಿ ಹೇಳುತ್ತದೆ. ಈ ವ್ಯವಸ್ಥೆಯ ಹೆಸರು MAP. ಕಾರಿನ ಕೈಪಿಡಿಯಲ್ಲಿ ಈ ಮೂರಕ್ಷರ ಇಲ್ಲದಿದ್ದರೆ ಆ ಸ್ಟೀರಿಯೋ ಮೆಸೇಜು ಓದುವ ನಂಬಿಕೆ ಬಿಡಿ. ಇದ್ದರೂ ಅದು ಮುಖ್ಯವಾಗಿ ಎಸ್ಸೆಮ್ಮೆಸ್ಸಿಗೆ. ವಾಟ್ಸಾಪ್ ಈ ದಾರಿಯಲ್ಲಿ ಬರುವುದಿಲ್ಲ.

ಎರಡನೆಯದರಲ್ಲಿ ಓದುವುದು ಫೋನು, ಕಾರು ಬರೀ ಸ್ಪೀಕರ್ ಮತ್ತು ಮೈಕು. ಫೋನಿನ ಮೇಲೆ ಬಂದ ನೋಟಿಫಿಕೇಶನನ್ನು ಗೂಗಲ್ ಅಸಿಸ್ಟೆಂಟ್ ದನಿ ಮಾಡುತ್ತದೆ. ವಾಟ್ಸಾಪ್ ಕೂಡ ಇಲ್ಲಿ ಸಿಗುತ್ತದೆ. ಆಂಡ್ರಾಯ್ಡ್ ಆಟೋ, ಕಾರ್‌ಪ್ಲೇ ಇರುವ ಕಾರುಗಳಲ್ಲೂ ಓದುವ ಕೆಲಸ ಫೋನಿನದ್ದೇ. ಆದ್ದರಿಂದ ಅವನ್ನೂ ಈ ಸಾಲಿಗೇ ಸೇರಿಸಿಕೊಳ್ಳಿ.

ಭಾವನಿಗೆ ಎರಡೂ ಬೇಕಿತ್ತು, ಯಾವುದೂ ಆಗುತ್ತಿರಲಿಲ್ಲ.

ಅಂಗಳದಲ್ಲಿ ನಿಲ್ಲಿಸಿ ಮಾಡಿದ ಪರೀಕ್ಷೆ

ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಚಾಲೂ ಇಟ್ಟು, ನನ್ನ ಫೋನಿನಿಂದ ಭಾವನಿಗೆ ಕರೆ ಮಾಡಿದೆ. ಕಾರಿನ ಸ್ಪೀಕರಿನಲ್ಲಿ ಚೆನ್ನಾಗಿ ಕೇಳಿತು. ಆಮೇಲೆ ಅವರ ಫೋನಿನಲ್ಲಿ ಒಂದು ಹಾಡು ಹಾಕಿದೆ. ಫೋನಿನಲ್ಲಿ ಹಾಡು ಓಡುತ್ತಿದೆ, ಕಾರಿನಲ್ಲಿ ಏನೂ ಇಲ್ಲ.

ಇಲ್ಲೇ ಒಂದು ಗಂಟು ಬಿಚ್ಚಿತು. ಬ್ಲೂಟೂತ್ ಒಂದೇ ಅನ್ನಿಸಿದರೂ ಒಳಗೆ ದಾರಿಗಳು ಬೇರೆ ಬೇರೆ. ಕರೆಯ ದಾರಿ ಒಂದು, ಹಾಡಿನ ದಾರಿ ಇನ್ನೊಂದು. ಕರೆ ಬಂದಾಗ ಸ್ಟೀರಿಯೋ ಎಫ್‌ಎಂನಲ್ಲಿರಲಿ, ಪೆನ್‌ಡ್ರೈವಿನಲ್ಲಿರಲಿ, ಎಲ್ಲವನ್ನೂ ತಳ್ಳಿ ಕರೆಗೆ ಜಾಗ ಕೊಡುತ್ತದೆ. ಹಾಡಿಗೆ ಆ ಮರ್ಯಾದೆ ಇಲ್ಲ. ಸ್ಟೀರಿಯೋದಲ್ಲಿ ಹಾಡಿನ ಮೂಲವನ್ನು ಬ್ಲೂಟೂತ್ ಎಂದು ಆರಿಸಿದ್ದರೆ ಮಾತ್ರ ಕೇಳುತ್ತದೆ. ಫೋನು ತಾನಾಗಿ ಓದುವ ಮೆಸೇಜು ಸಾಮಾನ್ಯವಾಗಿ ಹಾಡಿನ ದಾರಿಯಲ್ಲೇ ಹೋಗುತ್ತದೆ. ಭಾವ ಯಾವಾಗಲೂ ಪೆನ್‌ಡ್ರೈವಿನಲ್ಲಿ ಯಕ್ಷಗಾನದ ಪದ್ಯ ಕೇಳುವವರು. ಫೋನು ಏನನ್ನೋ ಓದಿದ್ದರೂ ಭಾಗವತರ ದನಿಯ ಕೆಳಗೆ ಅದು ಹುಟ್ಟಲೇ ಇಲ್ಲ.

ಸ್ಟೀರಿಯೋದ ಮೂಲ ಬದಲಿಸಿದೆ, ಹಾಡು ಬಂತು. ನಿಮಗೆ ಮೂಲ ಬದಲಿಸಿದರೂ ಬರದಿದ್ದರೆ ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಕಾರಿನ ಹೆಸರಿನ ಪಕ್ಕದ ಚಕ್ರ ಒತ್ತಿ, `Media audio` ಚಾಲೂ ಇದೆಯೇ ನೋಡಿ.

ಅದೇ ಪುಟದಲ್ಲಿ ಇನ್ನೊಂದು ಸಾಲು ಇರುತ್ತದೆ. ಕೆಲವು ಫೋನುಗಳಲ್ಲಿ `Text messages`, ಕೆಲವದರಲ್ಲಿ `Message access`. ಭಾವನ ಫೋನಿನಲ್ಲಿ ಅದು ಬಂದ್ ಆಗಿತ್ತು. ಹೊಸದಾಗಿ ಜೋಡಿಸುವಾಗ ಫೋನು ಸಂಪರ್ಕ ಪಟ್ಟಿ ಕೊಡಲೇ, ಮೆಸೇಜು ಕೊಡಲೇ ಎಂದು ಕೇಳುತ್ತದೆ. ಗಡಿಬಿಡಿಯಲ್ಲಿ ಒಮ್ಮೆ ಬೇಡ ಎಂದರೆ ಅಲ್ಲಿಗೆ ಮುಗಿಯಿತು, ಬಹುತೇಕ ಮತ್ತೆ ಕೇಳುವುದಿಲ್ಲ. ಚಾಲೂ ಮಾಡಿದೆ. ಆ ಸಾಲೇ ಕಾಣಿಸದಿದ್ದರೆ ಫೋನಿನಿಂದ ಕಾರನ್ನೂ, ಕಾರಿನಿಂದ ಫೋನನ್ನೂ ಅಳಿಸಿ ಹೊಸದಾಗಿ ಜೋಡಿಸಬೇಕು. ಒಂದೇ ಕಡೆ ಅಳಿಸಿದರೆ ಹಳೆಯ ಗುರುತು ಇನ್ನೊಂದು ಕಡೆ ಉಳಿದು ತಕರಾರು ಮಾಡುತ್ತದೆ. ಐಫೋನಿನಲ್ಲಿ ಇದೇ ಕೆಲಸಕ್ಕೆ ಬ್ಲೂಟೂತ್ ಪಟ್ಟಿಯ `i` ಒತ್ತಿ `Show Notifications` ಚಾಲೂ ಮಾಡುವುದು.

ಈಗ ನನ್ನ ಫೋನಿನಿಂದ ಎರಡು ಎಸ್ಸೆಮ್ಮೆಸ್ ಕಳಿಸಿದೆ. ಒಂದು ಇಂಗ್ಲಿಷಿನಲ್ಲಿ, ಒಂದು ಕನ್ನಡದಲ್ಲಿ. ಸ್ಟೀರಿಯೋದ ಪರದೆಯಲ್ಲಿ ಲಕೋಟೆಯ ಚಿತ್ರ ಮೂಡಿತು. ಇಂಗ್ಲಿಷಿನದ್ದನ್ನು ಓದಿತು. ಕನ್ನಡದ್ದಕ್ಕೆ ಕಳಿಸಿದವರ ನಂಬರ್ ಹೇಳಿ ಸುಮ್ಮನಾಯಿತು. ಪರದೆಯಲ್ಲಿ ಅಕ್ಷರದ ಬದಲು ಚೌಕಗಳು. ಆ ಸ್ಟೀರಿಯೋ ಒಳಗೆ ಕನ್ನಡದ ದನಿಯೂ ಇಲ್ಲ, ಅಕ್ಷರವೂ ಇಲ್ಲ. ಫೋನಿನಲ್ಲಿ ಏನು ಮಾಡಿದರೂ ಇದು ಸರಿಯಾಗುವುದಿಲ್ಲ. ಸಮಾಧಾನ ಇಷ್ಟೇ: ಇದು ದೋಷ ಅಲ್ಲ, ಆ ಯಂತ್ರದ ಮಿತಿ. ಕಾರು ಓದುವ ದಾರಿಯನ್ನು ಅಲ್ಲಿಗೇ ಬಿಟ್ಟು ಫೋನಿನ ಕಡೆ ತಿರುಗಿದೆವು.

ಮನೆಯಲ್ಲಿ ಓದುತ್ತದೆ, ರಸ್ತೆಯಲ್ಲಿ ಓದುವುದಿಲ್ಲ

ಫೋನು ಓದಬೇಕಾದರೆ ಅದಕ್ಕೆ ನೋಟಿಫಿಕೇಶನ್ ನೋಡುವ ಅನುಮತಿ ಬೇಕು. ಸೆಟ್ಟಿಂಗ್‌ನ ಹುಡುಕುವ ಜಾಗದಲ್ಲಿ `Notification access` ಎಂದು ಬರೆದರೆ ಸಿಗುತ್ತದೆ. ಹೊಸ ಆಂಡ್ರಾಯ್ಡ್‌ನಲ್ಲಿ ಅದು `Notification read, reply & control` ಎಂಬ ಹೆಸರಲ್ಲಿ ಇರಬಹುದು. ಆ ಪಟ್ಟಿಯಲ್ಲಿ `Google` ಚಾಲೂ ಇರಬೇಕು. ಇದನ್ನು ಮಾಡಿ, ಸ್ಟೀರಿಂಗ್ ಮೇಲಿನ ಮಾತಿನ ಗುಂಡಿಯನ್ನು ಒತ್ತಿ ಹಿಡಿದು ಮೆಸೇಜು ಓದಲು ಹೇಳಿದರೆ ಆಯಿತು. ಕೆಲವು ಕಾರುಗಳಲ್ಲಿ ಸಣ್ಣಗೆ ಒತ್ತಿದರೆ ಕಾರಿನದ್ದೇ ಧ್ವನಿ ವ್ಯವಸ್ಥೆ ತೆರೆದುಕೊಳ್ಳುತ್ತದೆ, ಒಂದೆರಡು ಸೆಕೆಂಡು ಹಿಡಿದರೆ ಫೋನಿನದ್ದು.

ಈ ಗುಂಡಿಯಲ್ಲಿ ಒಂದು ಲಾಭ ಇದೆ. ಗುಂಡಿ ಒತ್ತಿ ಶುರುವಾದ ಮಾತುಕತೆ ಕರೆಯ ದಾರಿಯಲ್ಲಿ ನಡೆಯುತ್ತದೆ. ಹಾಗಾಗಿ ಪೆನ್‌ಡ್ರೈವ್ ಓಡುತ್ತಿದ್ದರೂ ಅದು ತಾನೇ ನಿಂತು ಜಾಗ ಬಿಡುತ್ತದೆ. ಭಾವನಿಗೆ ಯಕ್ಷಗಾನವೂ ಉಳಿಯಿತು, ಮೆಸೇಜೂ ಸಿಕ್ಕಿತು. ಮೆಸೇಜು ಬಂದ ತಕ್ಷಣ ತಾನಾಗಿ ಓದುವುದಿಲ್ಲ, ನಾವು ಒತ್ತಿದಾಗ ಓದುತ್ತದೆ. ನನಗಂತೂ ಅದೇ ಜಾಸ್ತಿ ಹಿಡಿಸಿತು. ಎದುರು ಅದಿರಿನ ಲಾರಿ ಬರುತ್ತಿರುವಾಗ ಫೋನು ತನ್ನಷ್ಟಕ್ಕೆ ಮಾತಾಡಲು ಶುರುಮಾಡುವುದು ಯಾರಿಗೆ ಬೇಕು?

ಅಂಗಳದಲ್ಲಿ ಎಲ್ಲ ಸರಿಯಾಯಿತು. ಭಾವ ಹೊರಟು ಅರ್ಧ ಗಂಟೆಗೆ ಅಂಕೋಲೆಯಿಂದ ಫೋನು ಮಾಡಿದರು. "ಈಗ ಮತ್ತೆ ಓದ್ತಿಲ್ಲೆ. ಮೊಬೈಲ್ ತೆಗಿ ಅಂತ ಹೇಳ್ತು."

ಇದು ಬಹಳ ಜನರನ್ನು ಕಾಡುವ ದೋಷ. ಪರೀಕ್ಷೆ ಮಾಡುವಾಗ ಫೋನು ಕೈಯಲ್ಲಿರುತ್ತದೆ, ಲಾಕ್ ತೆರೆದಿರುತ್ತದೆ. ಓಡಿಸುವಾಗ ಅದು ಕಪ್ಪಾಗಿ ಲಾಕ್ ಆಗಿರುತ್ತದೆ. ಲಾಕ್ ಆದ ಫೋನು ಖಾಸಗಿ ಮೆಸೇಜನ್ನು ಯಾರಿಗೂ ಓದಿ ಹೇಳುವುದಿಲ್ಲ, ಅದು ಅದರ ಶಿಸ್ತು. ಅದಕ್ಕೇ ನಾನೀಗ ಯಾರ ಕಾರು ನೋಡಿದರೂ ಫೋನನ್ನು ಲಾಕ್ ಮಾಡಿ, ಎರಡು ನಿಮಿಷ ಬಿಟ್ಟು, ಆಮೇಲೆ ಪರೀಕ್ಷಿಸುತ್ತೇನೆ.

ಪರಿಹಾರ ಎರಡು ಬಗೆ. ಅಸಿಸ್ಟೆಂಟ್ ಸೆಟ್ಟಿಂಗ್‌ನಲ್ಲಿ `Lock screen` ಎಂಬಲ್ಲಿ ಖಾಸಗಿ ಫಲಿತಾಂಶಕ್ಕೆ ಒಪ್ಪಿಗೆ ಕೊಡುವುದು ಒಂದು. ಲಾಕ್ ಸೆಟ್ಟಿಂಗ್‌ನ `Extend Unlock` ಒಳಗೆ ಕಾರಿನ ಬ್ಲೂಟೂತನ್ನು ನಂಬಿಕೆಯ ಸಾಧನ ಎಂದು ಸೇರಿಸುವುದು ಇನ್ನೊಂದು. ಹಳೆಯ ಫೋನಿನಲ್ಲಿ ಅದರ ಹೆಸರು `Smart Lock`. ಎರಡನೆಯದರಲ್ಲಿ ಒಂದು ಸೂಕ್ಷ್ಮ ಇದೆ: ಅದು ತೆರೆದ ಫೋನನ್ನು ತೆರೆದೇ ಇಡುತ್ತದೆ, ಮುಚ್ಚಿದ ಫೋನನ್ನು ತೆರೆಯುವುದಿಲ್ಲ. ಕಾರಲ್ಲಿ ಕೂತು ಬ್ಲೂಟೂತ್ ಜೋಡಣೆಯಾದ ಮೇಲೆ ಒಮ್ಮೆ ಲಾಕ್ ತೆಗೆದು ಹೊರಡಬೇಕು. ಟೀ ಕುಡಿಯಲು ಇಳಿದಾಗ ಇಂಜಿನ್ ಚಾಲೂ ಇಟ್ಟು ಫೋನು ಕಾರಲ್ಲೇ ಬಿಟ್ಟರೆ ಅದು ಯಾರಿಗೆ ಬೇಕಾದರೂ ತೆರೆದುಕೊಳ್ಳುತ್ತದೆ ಎಂಬುದೂ ನೆನಪಿರಲಿ.

ಇನ್ನು ಕನ್ನಡ ಓದುವ ವಿಷಯ. ಹೆಸರು ಮಾತ್ರ ಹೇಳಿ ಮೆಸೇಜಿನ ಜಾಗದಲ್ಲಿ ಮೌನವಾದರೆ, ಅಥವಾ ನಡುವಿನ ಅಂಕಿ ಮಾತ್ರ ಕೇಳಿದರೆ, ದನಿ ಇಂಗ್ಲಿಷಿನದ್ದು ಎಂದು ತಿಳಿಯಿರಿ. ಸೆಟ್ಟಿಂಗ್‌ನಲ್ಲಿ `Text-to-speech` ಹುಡುಕಿ, `Speech Services by Google` ಪಕ್ಕದ ಚಕ್ರ ಒತ್ತಿ, `Install voice data` ಒಳಗೆ ಕನ್ನಡವನ್ನು ಇಳಿಸಿಕೊಳ್ಳಬೇಕು. ಅಸಿಸ್ಟೆಂಟ್ ಭಾಷೆಗಳಲ್ಲಿ ಇಂಗ್ಲಿಷಿನ ಜೊತೆ ಕನ್ನಡವನ್ನೂ ಸೇರಿಸಬೇಕು. ಇಷ್ಟಾದ ಮೇಲೆ ಅಕ್ಕನ ಮೆಸೇಜು ಸ್ಪಷ್ಟ ಕೇಳಿತು. ಮಗಳದ್ದು ಮಾತ್ರ ಇಲ್ಲ. ಅವಳು "yellidira, oota aita" ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವಳು. ಅದನ್ನು ಕನ್ನಡದ ದನಿಯೂ ಸರಿಯಾಗಿ ಓದಲಿಲ್ಲ, ಇಂಗ್ಲಿಷಿನ ದನಿಯೂ ಓದಲಿಲ್ಲ. ಇದಕ್ಕೆ ಸೆಟ್ಟಿಂಗ್ ಇಲ್ಲ. ಅಪ್ಪ ಗಾಡಿಯಲ್ಲಿದ್ದಾಗ ಕನ್ನಡ ಅಕ್ಷರದಲ್ಲೇ ಬರೆ ಎಂದು ಅವಳಿಗೆ ಹೇಳಿದ್ದೇ ಪರಿಹಾರ.

ಹೇಳಿ ಬರೆಸುವ ಉತ್ತರ

ಓದುವುದಕ್ಕಿಂತ ಉತ್ತರ ಹೇಳುವುದರಲ್ಲಿ ಎಡವಟ್ಟು ಜಾಸ್ತಿ. ಓದುವಾಗ ತಪ್ಪಾದರೆ ನಮಗೊಬ್ಬರಿಗೇ ಗೊತ್ತು. ಉತ್ತರ ತಪ್ಪಾದರೆ ಊರಿಗೇ ಗೊತ್ತು.

ಭಾವನ ಮೊದಲ ಉತ್ತರ ಹೀಗೇ ಆಯಿತು. ಮೆಸೇಜು ಓದಿಸಿಕೊಂಡರು, ಮಗಳದ್ದೇ ಅಂದುಕೊಂಡು "ಅರ್ಧ ಗಂಟೆಯಲ್ಲಿ ಬಂದೆ, ಹಸಿವಾಗಿದ್ದರೆ ಏನಾದರೂ ತಿನ್ನು" ಎಂದರು. ಹೋಗಿದ್ದು ಊರಿನ ಸಂಘದ ವಾಟ್ಸಾಪ್ ಗುಂಪಿಗೆ. ಮಗಳ ಮೆಸೇಜಿನ ಬೆನ್ನಿಗೇ ಗುಂಪಿನದ್ದೊಂದು ಬಂದಿತ್ತು, ಕೊನೆಗೆ ಓದಿದ್ದು ಅದನ್ನು. ನೂರು ಜನರ ಗುಂಪಲ್ಲಿ ತಿನ್ನಲು ಹೇಳಿಸಿಕೊಂಡವರು ಇನ್ನೂ ಭಾವನನ್ನು ಬಿಟ್ಟಿಲ್ಲ. ಆಮೇಲೆ ಗುಂಪುಗಳನ್ನೆಲ್ಲ ವಾಟ್ಸಾಪಿನಲ್ಲೇ ಮ್ಯೂಟ್ ಮಾಡಿದೆವು. ನೋಟಿಫಿಕೇಶನ್ ಏಳದಿದ್ದರೆ ಫೋನು ಅದನ್ನು ಓದುವುದಿಲ್ಲ, ಉತ್ತರ ಅಲ್ಲಿಗೆ ಹಾರುವ ಅಪಾಯವೂ ಇಲ್ಲ.

ಹೊಸದಾಗಿ ಹೆಸರು ಹೇಳಿ ಮೆಸೇಜು ಕಳಿಸುವುದಕ್ಕಿಂತ, ಬಂದಿದ್ದನ್ನು ಓದಿಸಿ ಅದಕ್ಕೇ ಉತ್ತರಿಸುವುದು ಒಳ್ಳೆಯದು. ಹೆಸರು ಆರಿಸುವ ರಗಳೆ ತಪ್ಪುತ್ತದೆ. ಶಿರಸಿಯ ಫೋನಿನಲ್ಲಿ "ಹೆಗಡೆ" ಎಂದರೆ ಎಷ್ಟು ಜನ ಏಳುತ್ತಾರೆ ಹೇಳಿ! ಭಾವನ ಪಟ್ಟಿಯಲ್ಲಿ ಗಣಪತಿ ಹೆಗಡೆಯವರೇ ನಾಲ್ಕು ಜನ. ಯಾವ ಹೆಗಡೆ ಎಂದು ಪರದೆ ನೋಡಿ ಒತ್ತಬೇಕಾದರೆ ಈ ಇಡೀ ಏರ್ಪಾಡಿಗೆ ಅರ್ಥವೇ ಇಲ್ಲ.

ಬರೆದದ್ದನ್ನು ಕಳಿಸುವ ಮೊದಲು ಫೋನು ಒಮ್ಮೆ ವಾಪಸು ಓದಿ, ಕಳಿಸಲೇ ಎಂದು ಕೇಳುತ್ತದೆ. ಅವಸರದಲ್ಲಿ ಹೂಂ ಅನ್ನದೆ ಅದನ್ನು ಕೇಳಿಸಿಕೊಳ್ಳಬೇಕು. ತಪ್ಪಿದ್ದರೆ ರದ್ದು ಮಾಡಿ ಬಿಡಿ. ಎರಡನೇ ಸಲ, ಮೂರನೇ ಸಲ ತಿದ್ದುತ್ತಾ ಕೂತರೆ ಕಣ್ಣು ರಸ್ತೆಯ ಮೇಲಿದ್ದರೂ ತಲೆ ಅಲ್ಲಿರುವುದಿಲ್ಲ. ಓದಿಸಿ, ಹೇಳಿ, ವಾಪಸು ಕೇಳಿ ಕಳಿಸುವಷ್ಟರಲ್ಲಿ 20 ಸೆಕೆಂಡು ಆರಾಮಾಗಿ ಆಗುತ್ತದೆ. 60ರ ವೇಗದಲ್ಲಿ ಅದು 300 ಮೀಟರಿಗೂ ಜಾಸ್ತಿ. ನಾವು ಮಾಡಿಕೊಂಡ ಕಟ್ಟಳೆ ಹೀಗಿದೆ: ಒಂದು ಉತ್ತರ, ಒಂದೇ ವಾಕ್ಯ, ಒಂದೇ ಪ್ರಯತ್ನ, ಅದೂ ನೇರ ರಸ್ತೆಯಲ್ಲಿ. "ಗಾಡಿಯಲ್ಲಿದ್ದೇನೆ, ತಲುಪಿ ಫೋನ್ ಮಾಡುವೆ." ದುಡ್ಡಿನ ಲೆಕ್ಕ, ಅಡಿಕೆ ದರ, ವಿಳಾಸ, ಇವನ್ನು ಹೇಳಿ ಬರೆಸಬಾರದು. ಒಂದು ಅಂಕಿ ತಪ್ಪಿದರೆ ಸಾಕು. ಇನ್ನೊಬ್ಬರು ಕಾರಲ್ಲಿದ್ದಾಗ ಬ್ಯಾಂಕಿನ ಓಟಿಪಿ ಜೋರಾಗಿ ಕೇಳಿಸುವುದೂ ಬೇಡ, ಆಗ ಗುಂಡಿ ಒತ್ತದೆ ಇದ್ದರಾಯಿತು.

ಕಾನೂನೂ ಒಂದಿದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಪ್ರಕಾರ, ಓಡಿಸುವಾಗ ಕೈಯಲ್ಲಿ ಫೋನು ಹಿಡಿದು ಬಳಸುವುದು ಅಪಾಯಕಾರಿ ಚಾಲನೆಯ ಲೆಕ್ಕಕ್ಕೆ ಬರುತ್ತದೆ. ಮೊದಲ ಸಲಕ್ಕೆ ದಂಡ 1,000ದಿಂದ 5,000 ರೂಪಾಯಿ, ಜೈಲಿಗೂ ಅವಕಾಶ ಇದೆ. ಲಾಕ್ ತೆಗೆಯಲೆಂದು ಫೋನು ಎತ್ತಿಕೊಂಡರೂ ಅದು ಕೈಯಲ್ಲೇ ಹಿಡಿದಂತೆ.

ಮೈಕು, ಮಳೆ ಮತ್ತು ಘಾಟಿ

ಕೊನೆಯ ದೋಷ ಹಿಡಿಯಲು ನಾನೇ ಭಾವನ ಪಕ್ಕ ಕೂತು ಹೋಗಬೇಕಾಯಿತು. ಅಂಗಳದಲ್ಲಿ ಹೇಳಿದ್ದನ್ನು ಸರಿಯಾಗಿ ಬರೆದ ಫೋನು ಹೆದ್ದಾರಿಯಲ್ಲಿ "ಸಂಜೆ ಬರುತ್ತೇನೆ" ಎಂದರೆ ಏನೇನೋ ಬರೆಯುತ್ತಿತ್ತು. ಎರಡು ಕಾರಣ ಇರಬಹುದು: ಮೈಕಿಗೆ ಕೇಳಿಸುತ್ತಿಲ್ಲ, ಅಥವಾ ನೆಟ್‌ವರ್ಕ್ ಇಲ್ಲ. ಇವೆರಡನ್ನು ಬೇರೆ ಮಾಡುವುದು ಸುಲಭ. ತಪ್ಪು ಶಬ್ದ ಬರೆದರೆ ಮೈಕು ಅಥವಾ ಭಾಷೆಯ ತೊಂದರೆ. ಏನೂ ಬರೆಯದೆ ಸುಮ್ಮನೆ ಕಾದು ಆಗಲಿಲ್ಲ ಎಂದರೆ ನೆಟ್‌ವರ್ಕ್.

ಮೈಕಿನದ್ದನ್ನು ಕರೆ ಮಾಡಿ ನೋಡಬಹುದು. ಅದೇ ವೇಗದಲ್ಲಿ ಹೋಗುವಾಗ ಮನೆಗೆ ಕರೆ ಮಾಡಿ, ದನಿ ಹೇಗಿದೆ ಎಂದು ಅವರನ್ನೇ ಕೇಳುವುದು. ಅಕ್ಕ ಹೇಳಿದಳು: "ಯಾರೋ ಮಿಕ್ಸಿ ಓಡಿಸಿದಂಗೆ ಕೇಳ್ತು." ಎಸಿಯ ಗಾಳಿ ನಾಲ್ಕರಲ್ಲಿತ್ತು. ಮುಂದಿನ ಗಾಜಿನ ಮಂಜು ಹೋಗಲೆಂದು ಅದನ್ನು ಮೇಲಕ್ಕೆ ಬಿಟ್ಟಿದ್ದರು. ಮೈಕು ಇರುವುದು ಚಾವಣಿಯ ದೀಪದ ಹತ್ತಿರ, ಗಾಳಿ ಗಾಜಿಗೆ ಬಡಿದು ನೇರ ಅಲ್ಲಿಗೇ ಹೋಗುತ್ತಿತ್ತು. ಗಾಳಿಯನ್ನು ಒಂದಕ್ಕೆ ಇಳಿಸಿ ಗಾಜು ಏರಿಸಿದೆವು, ಮುಕ್ಕಾಲು ಪಾಲು ಸರಿಯಾಯಿತು. ಉಳಿದ ಕಾಲು ಪಾಲು ಹಳೆಯ ಬ್ಲೂಟೂತಿನ ಗುಣ. ಹಳೆಯ ಸ್ಟೀರಿಯೋಗಳಲ್ಲಿ ಕರೆಯ ದಾರಿ ಹಳೆ ಟೆಲಿಫೋನಿನಷ್ಟೇ ಕಿರಿದು, ಮೇಲಿನ ಸ್ವರಗಳು ಕತ್ತರಿಸಿ ಹೋಗುತ್ತವೆ. ಸ, ಶ ದಂಥ ಅಕ್ಷರಗಳ ಗುರುತು ಇರುವುದೇ ಆ ಮೇಲಿನ ಸ್ವರದಲ್ಲಿ. ಅದಕ್ಕೇ "ಸಂಜೆ" ಕೆಡುತ್ತದೆ, "ರಾತ್ರಿ" ಉಳಿಯುತ್ತದೆ. ಜೋರು ಮಳೆ ಚಾವಣಿಗೆ ಹೊಡೆಯುವಾಗ ಪ್ರಯತ್ನವನ್ನೇ ಮಾಡಬೇಡಿ. ನಮ್ಮ ಕರಾವಳಿಯ ಜುಲೈ ಮಳೆಗೆ ಯಾವ ಮೈಕೂ ನಿಲ್ಲುವುದಿಲ್ಲ.

ನೆಟ್‌ವರ್ಕಿನದ್ದು ಬೇರೆ. ಬ್ಲೂಟೂತಿಗೆ ಟವರ್ ಬೇಡ, ಹೆದ್ದಾರಿಯ ಸುರಂಗದೊಳಗೂ ಅದು ಇರುತ್ತದೆ. ಆದರೆ ಹೇಳಿದ್ದನ್ನು ಅಕ್ಷರ ಮಾಡುವ ಕೆಲಸಕ್ಕೆ ಭಾವನ ಫೋನು ಇಂಟರ್ನೆಟ್ಟನ್ನು ನಂಬಿತ್ತು. ದೇವಿಮನೆ ಘಾಟಿಯ ನಡುವೆ ಅದು ಸಿಗಲಿಲ್ಲ. ಅಲ್ಲಿ ಗುಂಡಿ ಒತ್ತಿ ಕೆಲಸ ಆಗದಿದ್ದರೆ ಕಾರನ್ನು ಬೈಯಬೇಡಿ. ಘಾಟಿ ಇಳಿದು ಕತಗಾಲ ದಾಟುವಾಗ ತಡೆದಿದ್ದ ಮೆಸೇಜುಗಳೆಲ್ಲ ಒಟ್ಟಿಗೆ ಬಂದು ಬೀಳುತ್ತವೆ. ಭಾವ ಈಗ ಘಾಟಿಗೆ ಮೊದಲು ಗಾಡಿ ನಿಲ್ಲಿಸಿ, ಇನ್ನೊಂದು ಗಂಟೆ ಸಿಗುವುದಿಲ್ಲ ಎಂದು ಮನೆಗೆ, ಮಗಳಿಗೆ ಕೈಯಲ್ಲೇ ಬರೆದು ಕಳಿಸುತ್ತಾರೆ. ಕೆಳಗಿಳಿದ ಮೇಲೆ ಕುಮಟೆಯಲ್ಲಿ ಚಾಕ್ಕೆ ನಿಂತಾಗ ಉಳಿದದ್ದನ್ನು ನೋಡುತ್ತಾರೆ.

ಒಂದು ಸಣ್ಣ ದೋಷ ಮಾತ್ರ ಉಳಿದುಕೊಂಡಿದೆ. ಕರೆಯ ದಾರಿ ತೆರೆದುಕೊಳ್ಳಲು ಅರ್ಧ ಸೆಕೆಂಡು ಬೇಕು, ಅಷ್ಟರೊಳಗೆ ಫೋನು ಮಾತು ಶುರುಮಾಡಿರುತ್ತದೆ. ಅದರಿಂದ ಮೊದಲ ಅಕ್ಷರ ನುಂಗಿಹೋಗುತ್ತದೆ. ಭಾವನ ಕಾರಿನಲ್ಲಿ ಸುಮಾ ಎಂಬ ಹೆಸರು "ಮಾ" ಆಗಿದೆ, ಗಣಪತಿ ಹೆಗಡೆ "ಣಪತಿ ಹೆಗಡೆ". ಸ್ಟೀರಿಯೋ ಬದಲಿಸದೆ ಅದು ಹೋಗುವುದಿಲ್ಲ ಎಂದೆ. "ಹೋಗ್ಲಿ ಬಿಡು, ಯಾರು ಅಂತ ಗೊತ್ತಾಗ್ತು" ಅಂದರು ಭಾವ.